ವಿಮಲಮ್ಮ ಹೊಡೆದು ಹಾಕಿದ ಸಾಲು

ಮೂವತ್ತು ವರ್ಷದಿಂದ ಇನ್ಶೂರೆನ್ಸ್ ಏಜೆಂಟು ನಾನು. ಜಟ್ಟಪ್ಪ ಅಂದ್ರೆ ಶಿವಮೊಗ್ಗದ ಅರ್ಧ ಅಂಗಡಿಯವರಿಗೆ ಗೊತ್ತು. ಕ್ಲೇಮಿನ ಕಾಗದ ಬರೆಯೋದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂತ ಸೊಕ್ಕಿತ್ತು. ಆ ಸೊಕ್ಕು ಇಳಿಸಿದ್ದು ಭದ್ರಾವತಿಯ ವಿಮಲಮ್ಮ.

ಶಿವಮೊಗ್ಗದ ತ್ರಿವಿಕ್ರಮ ಅವರ ಪಂಪ್‌ಸೆಟ್ ಅಂಗಡಿಗೆ ಭದ್ರಾವತಿಯಲ್ಲಿ ಒಂದು ಬ್ರಾಂಚು. ಅದಕ್ಕೆ ವಿಮಲಮ್ಮನೇ ಮ್ಯಾನೇಜರು. ಗಂಡ ತೀರಿಕೊಂಡ ಮೇಲೆ ಬಿಲ್ಲು ಬರೆಯೋಕೆ ಸೇರಿದವರು, ಹದಿನೆಂಟು ವರ್ಷದಲ್ಲಿ ಆ ಕುರ್ಚಿಗೆ ಬಂದರು. ಮಗಳು ಚೈತನ್ಯಾ ನರ್ಸಿಂಗ್ ಓದ್ತಾ ಇದ್ದಳು. ಮನೆ ನಡೀತಿದ್ದದ್ದು ಆ ಒಂದು ಸಂಬಳದಲ್ಲೇ.

ನವೆಂಬರಿನ ಒಂದು ಮಂಗಳವಾರ, ಪಂಪ್‌ಸೆಟ್ ಕೊಂಡಿದ್ದ ಮಲವಗೊಪ್ಪದ ರಂಗಪ್ಪ ಅಂಗಡಿಗೆ ಬಂದು ರೇಗಾಡಿದ. 'ನಲವತ್ತೆಂಟು ಸಾವಿರ ಕಟ್ಟಿದೀನಿ, ಮತ್ತೆ ಬಾಕಿ ಅಂತ ಫೋನ್ ಮಾಡ್ತೀರಲ್ರೀ!' ಕೈಯಲ್ಲಿ ರಸೀದಿ ಇತ್ತು, ಕ್ಯಾಷಿಯರ್ ಆನಂದನ ಸಹಿ ಇತ್ತು. ಕ್ಯಾಶ್ ಪುಸ್ತಕದಲ್ಲಿ ಮಾತ್ರ ಆ ಹಣ ಇಲ್ಲ. ಊಟಕ್ಕೆ ಹೋದ ಆನಂದ ವಾಪಸ್ ಬರಲಿಲ್ಲ. ಸಂಜೆವರೆಗೆ ವಿಮಲಮ್ಮ ರಸೀದಿಗಳ ನಕಲು ತೆಗೆದು ನೋಡಿದರೆ ಮೂರು ಲಕ್ಷ ಇಪ್ಪತ್ತು ಸಾವಿರ ಪುಸ್ತಕಕ್ಕೇ ಏರಿಲ್ಲ.

ನೌಕರರು ಮೋಸ ಮಾಡಿದರೆ ಮಾಲೀಕರ ನಷ್ಟ ತುಂಬಿಕೊಡುವ ಪಾಲಿಸಿ ಅವರಿಗೆ ಮಾಡಿಸಿದ್ದೇ ನಾನು. ಗೊತ್ತಾದ ಕೂಡಲೇ ಕಂಪನಿಗೆ ಲಿಖಿತವಾಗಿ ತಿಳಿಸಬೇಕು, ಪೊಲೀಸರಿಗೂ ದೂರು ಕೊಡಬೇಕು. ದೂರು ಕೊಟ್ಟು ಬಂದ ಮೇಲೆ ಬುಧವಾರ ಬೆಳಿಗ್ಗೆ ನಾನು, ವಿಮಲಮ್ಮ, ತ್ರಿವಿಕ್ರಮ ಮೂವರೂ ಕೂತೆವು. ನಾನು ಸರಾಗವಾಗಿ ಬರೆದೆ: ಇಂಥ ದಿನ ಗೊತ್ತಾಯಿತು, ಅಂದಾಜು ಇಷ್ಟು ಮೊತ್ತ, ಕ್ಯಾಷಿಯರ್ ಆನಂದ್ ದುರುಪಯೋಗ ಮಾಡಿರುವ ಸಂಶಯವಿದೆ. ಕೊನೆಗೆ ಒಂದು ಸಾಲು: 'ಪಾಲಿಸಿ ಅರ್ಜಿಯಲ್ಲಿ ಹೇಳಿದಂತೆ ಮ್ಯಾನೇಜರರು ಪ್ರತಿ ಶನಿವಾರ ಮುನ್ಸೂಚನೆ ಇಲ್ಲದೆ ನಗದು ಎಣಿಸಿ, ರಸೀದಿ ತಾಳೆ ನೋಡಿದ್ದಾರೆ.'

ವಿಮಲಮ್ಮ ಪೆನ್ನು ಕಸಿದುಕೊಂಡು ಆ ಸಾಲು ಹೊಡೆದು ಹಾಕಿದರು.

'ಚೌತಿಯಿಂದ ಈಚೆಗೆ ಹನ್ನೊಂದು ವಾರ ನಾನು ನೋಡಿಲ್ಲ. ತಪಾಸಣೆ ರಿಜಿಸ್ಟರಿಗೆ ಆಮೇಲೆ ಒಟ್ಟಿಗೆ ಸಹಿ ಹಾಕಿದೀನಿ. ಆನಂದ ನಮ್ಮ ಹುಡುಗ ಅಂತ.'

ತ್ರಿವಿಕ್ರಮ ಅವರ ಮುಖ ಕೆಂಪಾಯಿತು. 'ನಿಮಗೇನು ತಲೆ ಕೆಟ್ಟಿದೆಯಾ? ರಿಜಿಸ್ಟರಲ್ಲಿ ಸಹಿ ಇದೆಯಲ್ಲ!'

'ಸಹಿ ಇದೆ ಸರ್, ತಪಾಸಣೆ ಇಲ್ಲ.'

'ಕ್ಲೇಮ್ ಬರದಿದ್ರೆ ನಾಳೆಯಿಂದ ನೀವೂ ಬರಬೇಡಿ.'

ನಾನೂ ಅವರ ಕಡೆಗೇ ಸೇರಿದೆ, ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. 'ಸುಮ್ಮನಿರಿ ವಿಮಲಮ್ಮ, ಯಾರು ಕೇಳ್ತಾರೆ? ಮಗಳ ಮುಖ ನೋಡಿ' ಅಂದೆ. ಅವರು ಕಾಗದ ತಮ್ಮ ಕಡೆ ಎಳೆದುಕೊಂಡು ಬರೆದರು: 'ಕಳೆದ ಹನ್ನೊಂದು ಶನಿವಾರ ತಪಾಸಣೆ ಮಾಡದೆ ಸಹಿ ಹಾಕಿದ್ದೇನೆ.' ಕೆಳಗೆ ತಮ್ಮ ಹೆಸರು ಹಾಕಿದರು. 'ಹೋಗೋದಾದ್ರೆ ಈ ಕಾಗದವೇ ಹೋಗಲಿ, ಇಲ್ಲದಿದ್ರೆ ನಾನೇ ಬೇರೆ ಬರೆದು ಕಂಪನಿಗೆ ಕೊಡ್ತೀನಿ' ಅಂದರು. ತ್ರಿವಿಕ್ರಮ ಹಲ್ಲು ಕಡಿಯುತ್ತಾ ಸಹಿ ಮಾಡಿದರು. ಅವತ್ತೇ ಇನ್ಶೂರೆನ್ಸ್ ಕಂಪನಿಯ ಶಿವಮೊಗ್ಗ ಆಫೀಸಿಗೆ ಕೊಟ್ಟು ಸೀಲು ಹಾಕಿಸಿಕೊಂಡೆ. ದಾರಿಯುದ್ದಕ್ಕೂ ಆ ಹೆಂಗಸನ್ನ ಬೈದುಕೊಂಡೆ.

ತಿಂಗಳಾದ ಮೇಲೆ ಕಂಪನಿ ಕಳಿಸಿದ ತನಿಖೆಗಾರ ಭೀಮೇಶ್ ಬಂದ. ಮಾತು ಕಮ್ಮಿ, ಕಣ್ಣು ಚುರುಕು. ರಿಜಿಸ್ಟರ್ ತಿರುವುತ್ತಾ ವಿಜಯದಶಮಿ ಶನಿವಾರದ ಮೇಲೆ ಬೆರಳಿಟ್ಟ. ಅಂಗಡಿಗೆ ಬೀಗ ಹಾಕಿದ್ದ ದಿನ, ಅವತ್ತಿಗೂ ಸಹಿ!

'ನಿಮ್ಮ ಕಾಗದದಲ್ಲಿ ತಪಾಸಣೆ ಆಗಿದೆ ಅಂತ ಇದ್ದಿದ್ರೆ, ಸುಳ್ಳು ಹೇಳಿಕೆ ಅಂತ ಒಂದೇ ಮಾತು ಬರೆದು ಎದ್ದು ಹೋಗ್ತಿದ್ದೆ' ಅಂದ. ಆ ಸಾಲು ಬರೆದವನು ನಾನೇ ಅಲ್ಲವೇ?

ಯುಗಾದಿ ಹೊತ್ತಿಗೆ ತೀರ್ಮಾನ ಬಂತು. ಅಂಗಡಿಯಲ್ಲೇ ಉಳಿದಿದ್ದ ಆನಂದನ ಸಂಬಳ, ಅವನು ಸೇರುವಾಗ ಇಟ್ಟಿದ್ದ ಠೇವಣಿ ಸೇರಿ ಇಪ್ಪತ್ತು ಸಾವಿರ ಕಳೆದರು. ತಪಾಸಣೆಯ ಷರತ್ತು ತಪ್ಪಿದ್ದಕ್ಕೆ ಉಳಿದ ಮೂರು ಲಕ್ಷದಲ್ಲಿ ಮುಕ್ಕಾಲು ಭಾಗ ಮಾತ್ರ ಒಪ್ಪಿದರು. ಎಪ್ಪತ್ತೈದು ಸಾವಿರ ಹೋಯಿತು. ಅದು ತನ್ನ ತಪ್ಪು ಅಂತ ವಿಮಲಮ್ಮ ಯಾರೂ ಕೇಳದೇ ತಿಂಗಳಿಗೆ ಮೂರು ಸಾವಿರ ಹಿಡಿದುಕೊಳ್ಳಿ ಅಂತ ಬರೆದುಕೊಟ್ಟರು. ತ್ರಿವಿಕ್ರಮ ಆ ಚೀಟಿ ಜೇಬಿಗೆ ಹಾಕಿಕೊಂಡರು, ಒಂದು ರೂಪಾಯಿಯನ್ನೂ ಹಿಡಿಯಲಿಲ್ಲ. ವಿಮಲಮ್ಮ ದಿನಾ ಅಂಗಡಿಗೆ ಬರುತ್ತಿದ್ದರು, ಆದರೆ ಕೆಲಸ ಇದೆಯೋ ಹೋಯಿತೋ ಅಂತಲೇ ಆಕೆಗೆ ಗೊತ್ತಿರಲಿಲ್ಲ.

ಪಾಲಿಸಿ ನವೀಕರಣಕ್ಕೆ ಹೋದೆ. ಅವತ್ತು ತ್ರಿವಿಕ್ರಮ ಭದ್ರಾವತಿ ಅಂಗಡಿಯಲ್ಲೇ ಇದ್ದರು. 'ವಾರದ ತಪಾಸಣೆ ಯಾರು ಮಾಡ್ತಾರೆ ಅಂತ ಬರೀಲಿ?' ಕೇಳಿದೆ. ವಿಮಲಮ್ಮ ತಲೆ ಬಗ್ಗಿಸಿ ಕೂತಿದ್ದರು.

'ವಿಮಲಾ ಅಂತ ಬರಿ ಮಾರಾಯ. ಇನ್ಯಾರು?' ಅಂದರು ತ್ರಿವಿಕ್ರಮ.

ವಿಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಸೀದಾ ಎದ್ದರು. ಹೊಸ ಕ್ಯಾಷಿಯರ್ ಇಂಪನಾಳ ಮುಂದೆ ಹೋಗಿ ನಿಂತು, 'ಏಳಮ್ಮ, ಡ್ರಾಯರ್ ತೆಗಿ, ರಸೀದಿ ಪುಸ್ತಕ ಕೊಡು' ಅಂದರು. ನನ್ನ ಕಡೆ ತಿರುಗಿ ಕೈ ಅಡ್ಡ ಹಿಡಿದರು.

'ನಿಲ್ಲಿ ಜಟ್ಟಪ್ಪನವರೇ. ನಾನು ಎಣಿಸಿದ ಮೇಲೆ ಬರೀರಿ.'