ಎರಡು ದಿನದ ಹೆಚ್ಚಳ

ನಲ್ಲಿ, ಪೈಪು ಮಾರುವ ಆ ಸಗಟು ಅಂಗಡಿಯಲ್ಲಿ ಅವಳು ಎಲ್ಲರಿಗೂ ಲೆಕ್ಕದಕ್ಕ, ಮಾಲೀಕನಿಗೆ ಮಾತ್ರ ಅತ್ತಿಗೆ. ಗಂಡ ತೀರಿಕೊಂಡಾಗ, ಮನೆಯಲ್ಲಿ ಕೂತು ಕೊರಗುವುದು ಬೇಡವೆಂದು ಮೈದುನನೇ ಕರೆತಂದು ಕಂಪ್ಯೂಟರಿನ ಮುಂದೆ ಕೂರಿಸಿದ್ದ. ಮೌಸ್ ಹಿಡಿಯಲು ಹೆದರಿದ್ದವಳು ಈಗ ಅಂಗಡಿಯ ನಾಡಿ ಹಿಡಿದಿದ್ದಳು.

ಆ ತಿಂಗಳ ಮಾರಾಟ ಇಪ್ಪತ್ತೈದು ಲಕ್ಷ ಇಪ್ಪತ್ತೆರಡು ಸಾವಿರಕ್ಕೆ ಮುಟ್ಟಿತು. ಹೋದ ವರ್ಷ ಅದೇ ತಿಂಗಳು ಇಪ್ಪತ್ನಾಲ್ಕು ಲಕ್ಷವಿತ್ತು. ನೂರಕ್ಕೆ ಐದು ಹೆಚ್ಚು. ಮೈದುನ ಹಿಗ್ಗಿಹೋದ. ಪಕ್ಕದ ಖಾಲಿ ಮಳಿಗೆಯನ್ನು ಬಾಡಿಗೆಗೆ ಹಿಡಿದು, ನಡುವಿನ ಗೋಡೆ ಒಡೆಸುವುದೆಂದು ನಿರ್ಧರಿಸಿಯೇಬಿಟ್ಟ. ಎಲ್ಲರಿಗೂ ಚಹಾ ತರಿಸಿದ.

ಅತ್ತಿಗೆಯ ಚಹಾ ಆರಿಹೋಯಿತು. ಅವಳು ಎರಡೂ ವರ್ಷದ ಕ್ಯಾಲೆಂಡರುಗಳನ್ನು ಮುಂದಿಟ್ಟುಕೊಂಡು ಕೂತಿದ್ದಳು. ಅವನ ಖುಷಿಗೆ ಅಡ್ಡ ಬರಲು ಮನಸ್ಸಿರಲಿಲ್ಲ. ಆದರೆ ಅವನು ಮಳಿಗೆಯವರಿಗೆ ಫೋನು ಮಾಡಲು ಹೊರಟಾಗ ತಡೆದಳು.

"ಹೋದ ವರ್ಷ ಐದು ಭಾನುವಾರ ಬಂದಿತ್ತು. ಸರಕು ಎಣಿಸೋಕೆ ಅಂತ ಇನ್ನೊಂದು ದಿನ ಬಾಗಿಲು ಹಾಕಿದ್ವಿ. ವ್ಯಾಪಾರ ನಡೆದಿದ್ದು ಇಪ್ಪತ್ನಾಲ್ಕೇ ದಿನ. ಈ ಸಲ ಇಪ್ಪತ್ತಾರು. ದಿನಕ್ಕೆ ಭಾಗಿಸಿ ನೋಡು. ಆಗ ಒಂದು ಲಕ್ಷ, ಈಗ ತೊಂಬತ್ತೇಳು ಸಾವಿರ."

ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ಮುಖ ಗಂಟಾಯಿತು. ಬಂದ ದುಡ್ಡು ಬಂದದ್ದೇ ಅಲ್ಲವೇ ಎಂದು ವಾದಿಸಿದ. ದುಡ್ಡು ಬಂದದ್ದು ನಿಜ, ಆದರೆ ಆ ಎರಡು ದಿನ ಮುಂದಿನ ತಿಂಗಳೂ ಸಿಗುತ್ತವೆಂದು ನಂಬಿ ಬಾಡಿಗೆ ಒಪ್ಪಿಕೊಳ್ಳುವುದು ಹೇಗೆ ಎಂದು ಅವಳು ಕೇಳಿದಳು. ಒಂದೇ ತಿಂಗಳು ನೋಡಿ ಗಾಬರಿಯಾಗುವುದೂ ಬೇಡವೆಂದು ಹಿಂದಿನ ಮೂರು ತಿಂಗಳನ್ನೂ ಹಾಗೆಯೇ ದಿನಕ್ಕೆ ಭಾಗಿಸಿ ನೋಡಿದರು. ಮೂರರಲ್ಲೂ ಹೋದ ವರ್ಷಕ್ಕಿಂತ ಸ್ವಲ್ಪ ಸ್ವಲ್ಪ ಕಡಿಮೆಯೇ ಇತ್ತು.

ಬಿಲ್ಲುಗಳನ್ನು ಹೊತ್ತಿನ ಪ್ರಕಾರ ಬಿಡಿಸಿದಾಗ ಕಾರಣ ಕಂಡಿತು. ಮಧ್ಯಾಹ್ನದ ವ್ಯಾಪಾರ ಹಾಗೆಯೇ ಇತ್ತು; ಕರಗಿದ್ದು ಬೆಳಗಿನದು. ನಲ್ಲಿ ಕೆಲಸದವರು ಸಾಮಾನು ಕೊಂಡು ಎಂಟಕ್ಕೆಲ್ಲ ಕೆಲಸಕ್ಕೆ ಹೊರಟುಬಿಡುವವರು. ಈ ವರ್ಷ ಮಗಳನ್ನು ಶಾಲೆಗೆ ಬಿಟ್ಟು ಬರಲು ಶುರುಮಾಡಿದ ಮೇಲೆ ಮೈದುನ ಬಾಗಿಲು ತೆಗೆಯುತ್ತಿದ್ದುದು ಒಂಬತ್ತಕ್ಕೆ.

ಅವನು ತಗ್ಗಿದ ದನಿಯಲ್ಲಿ, "ಮಗು ಜೊತೆ ಸಿಗೋದೇ ಆ ಒಂದು ಗಂಟೆ, ಅತ್ತಿಗೆ," ಎಂದ.

"ಅದನ್ಯಾಕೆ ಬಿಡ್ತೀಯ? ಬೀಗದ ಕೈ ನಂಗೆ ಕೊಡು."

ಇಷ್ಟು ವರ್ಷದಲ್ಲಿ ಅದನ್ನು ಕೊಡಬೇಕೆಂದು ಅವನಿಗೂ ಹೊಳೆದಿರಲಿಲ್ಲ, ಕೇಳಬೇಕೆಂದು ಅವಳಿಗೂ ಅನ್ನಿಸಿರಲಿಲ್ಲ. ಅವನು ಗೊಂಚಲಿನಿಂದ ಬಿಡಿಸಿ ಮೇಜಿನ ಮೇಲಿಟ್ಟ.

ಮರುದಿನದಿಂದ ಏಳೂವರೆಗೇ ಬಾಗಿಲು ತೆರೆಯಿತು. ಮೊದಲ ವಾರ ಬಂದವರು ಇಬ್ಬರೋ ಮೂವರೋ. ಮುಂದಿನ ತಿಂಗಳು ಎರಡೂ ವರ್ಷದ ಕೆಲಸದ ದಿನಗಳು ಸಮವಾಗಿದ್ದವು, ಭಾಗಿಸುವ ಗೋಜೇ ಇರಲಿಲ್ಲ. ಮಾರಾಟ ಕೂದಲೆಳೆಯಷ್ಟು ಮೇಲಿತ್ತು. ಪಕ್ಕದ ಮಳಿಗೆಗೆ ಹೊಲಿಗೆಯವಳೊಬ್ಬಳು ಬಂದಳು. ಬೆಳಗ್ಗೆ ಅಂಗಡಿಯ ಷಟರ್ ಎತ್ತಲು ಲೆಕ್ಕದಕ್ಕನಿಗೆ ಈಗ ಅವಳೇ ಕೈಜೋಡಿಸುತ್ತಾಳೆ.