ಕಿರೀಟ ಮುಟ್ಟಿಕೊಂಡ ರಾಜ

ಕುರ್ಲಾದ ದರ್ಜಿ ರಾಜೇಸಾಬ ಮೊನ್ನೆ ಬುಧವಾರ ಬೆಳಿಗ್ಗೆ ತನ್ನ ಅಂಗಡಿಯಲ್ಲಿ, ಹೊಲಿಗೆ ಮಷೀನಿನ ಮುಂದೆ ಕೂತಲ್ಲೇ ತೀರಿಕೊಂಡ. ಎದೆನೋವೆಂದು ಯಾರಿಗೂ ಹೇಳಿರಲಿಲ್ಲ.

ಆಂಟಾಪ್ ಹಿಲ್‌ನಲ್ಲಿ ನಮ್ಮದೊಂದು ಕನ್ನಡ ನಾಟಕ ತಂಡ. ವಿಜಾಪುರ ಕಡೆಯ ಅವನಿಗೆ ರಾಜನ ಪಾತ್ರ. ಮೈಸೂರಿನವನಾದ ನನಗೆ ಪಕ್ಕದ ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುವ ಕೆಲಸ. ೧೯೭೧ರ ನಾಟಕ ಹತ್ತಿರ ಬಂದಾಗ ಅವನು ನನ್ನ ಮನೆಗೆ ಬಂದು, ಪಾತ್ರ ಬೇರೆಯವರಿಗೆ ಕೊಡಿ ಎಂದ.

"ದಿನಾ ಅದ ಕನಸ್ರಿ, ಮೂರ್ತಿಯವರ. ಪರದೆ ಏಳತೈತಿ, ಮಂದಿ ತುಂಬ್ಯಾರ, ಬಾಯಾಗ ಒಂದು ಮಾತಿಲ್ಲ. ನೀವು ತುಟಿ ಅಲ್ಲಾಡಸ್ತೀರಿ, ದನಿ ಇಲ್ಲ. ಓಡಬೇಕಂದ್ರ ಕಾಲು ಏಳೂದಿಲ್ಲ. ಇದು ಮುಂದ ಆಗೂದು ತೋರಸಾಕತ್ತೈತಿ."

ಬೆವರಿ ಎಚ್ಚರವಾದ ಮೇಲೆ ಅವನು ಮಾತುಗಳನ್ನೆಲ್ಲ ಒಪ್ಪಿಸುತ್ತಲೇ ಮತ್ತೆ ನಿದ್ದೆಹೋಗುತ್ತಿದ್ದ. ಒಂದೂ ತಪ್ಪುತ್ತಿರಲಿಲ್ಲ. ಮರೆಯುತ್ತಿದ್ದುದು ಕನಸಿನಲ್ಲಿ ಮಾತ್ರ.

ಕಂಠಪಾಠ ಮಾಡಿದವರಿಗೂ ಈ ಕನಸು ಬೀಳುತ್ತದೆ, ದಿನ ಹತ್ತಿರವಾದಷ್ಟೂ ಹೆಚ್ಚು ಎಂದೆ. ಕನಸು ಕಾಣುವಾಗ ಕೈಕಾಲು ನಿಜವಾಗಿಯೂ ಸೋತು ಬಿದ್ದಿರುತ್ತವೆ. ಅದಕ್ಕೇ ಓಡಲಾಗುವುದಿಲ್ಲವೇನೋ ಎಂದೆ. ಹಾಸಿಗೆಯಲ್ಲಿ ಮಾತು ಒಪ್ಪಿಸುವುದನ್ನು ಬಿಡು ಎಂದೆ. ಅವನು ಒಪ್ಪಲಿಲ್ಲ.

ಪಾತ್ರ ಬಿಡದಂತೆ ಅವನನ್ನು ಒಪ್ಪಿಸಿದ್ದು ಹಾರ್ಮೋನಿಯಂ ಪೇಟಿ ಬಾರಿಸುವ ದಾನಪ್ಪ. "ಮರೀರಿ, ಸಾಹೇಬ್ರ. ಕಂಪನಿ ನಾಟಕದಾಗ ಯಾರು ಮರತಿಲ್ಲ? ಕಿರೀಟ ಮುಟಗೋರಿ, ನಾ ಸ್ವರ ಹಿಡೀತೀನಿ. ಹಿಂದಿನ ಹಾಡಿನ ಪಲ್ಲವಿ ಹಾಡ್ರಿ. ಅಷ್ಟರಾಗ ಮೂರ್ತಿಯವರು ಮಾತು ಕೊಡ್ತಾರ."

ಅಂದಿನಿಂದ ತಾಲೀಮಿನಲ್ಲಿ ಬೇಕೆಂದೇ ಮರೆಯುವುದು ಶುರುವಾಯಿತು. ಮಾತಿನ ನಡುವೆ ನಿಲ್ಲುವುದು, ಕಿರೀಟ ಮುಟ್ಟುವುದು, ಹಾಡುವುದು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಅವನು ಕಣ್ಣುಮುಚ್ಚಿ ಆ ಕನಸನ್ನೇ ನೆನೆದು, ಅದರ ಕೊನೆಗೆ ಮನಸ್ಸಿನಲ್ಲೇ ಪೇಟಿಯ ಸ್ವರ ಸೇರಿಸುತ್ತಿದ್ದ. ಕನಸು ನಿಲ್ಲಲಿಲ್ಲ, ಆದರೆ ಬೆವರಿ ಏಳುವುದು ಕಡಿಮೆಯಾಯಿತು.

ನಾಟಕದ ದಿನ ದರ್ಬಾರಿನ ದೃಶ್ಯದಲ್ಲಿ ರಾಜೇಸಾಬ ನಿಜವಾಗಿಯೂ ಮರೆತ. ನನ್ನ ಪಿಸುಮಾತು ಅವನಿಗೆ ಮುಟ್ಟುತ್ತಿಲ್ಲವೆಂದು ಅವನ ಕಣ್ಣೇ ಹೇಳುತ್ತಿತ್ತು. ಆಮೇಲೆ ಕೈ ನಿಧಾನವಾಗಿ ಕಿರೀಟಕ್ಕೆ ಹೋಯಿತು. ಪೇಟಿ ನುಡಿಯಿತು, ಅವನು ಹಾಡಿದ, ಹಾಡಿನ ಹಿಂದೆ ಮಾತೂ ಬಂತು. ಜನ "ವನ್ಸ್ ಮೋರ್" ಎಂದು ಕೂಗಿದರು.

"ಪಾಪಿಗೋಳು, ಇನ್ನೊಮ್ಮೆ ಮರಿಯಾಕ ಹಚ್ಚಿದ್ರು," ಎಂದ, ಬಣ್ಣ ಒರೆಸಿಕೊಳ್ಳುತ್ತ. ಪಾತ್ರ ಬಿಡುವ ಮಾತು ಮತ್ತೆ ಎತ್ತಲಿಲ್ಲ. ಆಮೇಲಿನ ನಾಟಕಗಳಿಗೂ ಕನಸು ತಪ್ಪದೆ ಬಂತು. ಬರದಿದ್ದರೆ "ತಾಲೀಮು ಕಡಿಮಿ ಆತೇನು?" ಎಂದು ನನ್ನನ್ನೇ ಕೇಳುತ್ತಿದ್ದ.

ಮೊನ್ನೆ ಬುಧವಾರ ಬೆಳಿಗ್ಗೆಯೂ ಅದೇ ಕನಸಂತೆ. ಚಹಾ ಕುಡಿಯುತ್ತ ಹೆಂಡತಿ ಗುಲಶನಳಿಗೆ ಹೇಳಿದನಂತೆ: "ಇವತ್ತ ದಾನಪ್ಪನೂ ಮರತಾನ. ಏನ್ ಮಾಡ್ಲಿ, ಸಿಂಹಾಸನದ ಮ್ಯಾಲ ಕುಂತೆ. ಮಂದೀನೂ ಸುಮ್ಮನ ಕುಂತ್ರು. ಯಾರೂ ಸಿಟ್ಟಾಗಲಿಲ್ಲ."

ನಕ್ಕು, ಅಂಗಡಿಗೆ ಹೋದ. ಎದುರಿನ ಅಂಗಡಿಯವನು ನೋಡಿದ್ದು ಇಷ್ಟು: ಮಷೀನಿಗೆ ದಾರ ಪೋಣಿಸಿದ. ಆಮೇಲೆ ಕೈ ನಿಧಾನವಾಗಿ ತಲೆಯ ಮೇಲಿನ ಟೋಪಿಗೆ ಹೋಯಿತು.