ಅರ್ಜಿಯ ಮೂರನೆಯ ಪ್ಯಾರಾ

ವೇಮಗಲ್‌ನ ನಮ್ಮ ಸಾಸ್ ಕಾರ್ಖಾನೆಯಲ್ಲಿ ನಾನಿರುವ ಗುಣಮಟ್ಟ ವಿಭಾಗಕ್ಕೆ ಒಬ್ಬ ಟ್ರೈನಿ ಬೇಕೆಂದು ತಿಳಿದ ದಿನವೇ ನಾನು ಅವಳಿಗೆ ಫೋನ್ ಮಾಡಿದೆ. ಆವನಿ ಕಡೆಯ ಹುಡುಗಿ, ರೇಷ್ಮೆ ಸಾಕುವವರ ಮನೆಯವಳು, ಆಗಷ್ಟೇ ಆಹಾರ ತಂತ್ರಜ್ಞಾನದ ಡಿಗ್ರಿ ಮುಗಿಸಿದ್ದಳು. ಎರಡು ವರ್ಷದ ಹಿಂದೆ ನಾನು ಶ್ರೀನಿವಾಸಪುರದ ಮಾವಿನ ಪಲ್ಪ್ ಘಟಕದಲ್ಲಿ ಕೆಮಿಸ್ಟ್ ಆಗಿದ್ದಾಗ, ಒಂದು ತಿಂಗಳು ನನ್ನ ಕೈಕೆಳಗೆ ತರಬೇತಿ ಪಡೆದಿದ್ದಳು. ಮಧ್ಯಾಹ್ನ ನನ್ನ ಊಟದ ಡಬ್ಬಿಗೇ ಕೈ ಹಾಕುವಷ್ಟು ಸಲಿಗೆ.

"ಅಕ್ಕ, ಬಯೋಡೇಟಾ ಜೊತೆ ಲೆಟರ್ ಬೇರೆ ಕೇಳ್ತಾರಂತೆ. ಏನ್ ಬರೀಲಿ?" ಎಂದಳು.

"ಶ್ರದ್ಧೆ, ಪರಿಶ್ರಮ ಅಂತೆಲ್ಲ ಬರೀಬೇಡ ಕಣೇ, ಅದು ಎಲ್ರೂ ಬರೀತಾರೆ. ನೀನು ಕೈಯಾರೆ ಮಾಡಿದ್ದು ಒಂದೇ ಒಂದು ಬರಿ, ಸಾಕು."

ನಾನು ಕೊಟ್ಟ ಬುದ್ಧಿ ನನ್ನ ಬುಡಕ್ಕೇ ಬಂತು.

ಹತ್ತು ದಿನದ ಮೇಲೆ ನಮ್ಮ ಮ್ಯಾನೇಜರು ನನ್ನನ್ನು ಕರೆದು ಅವಳ ಪತ್ರವನ್ನು ಮುಂದಿಟ್ಟರು. "ಇವಳು ಟ್ರೈನಿಂಗ್ ಮಾಡಿದ ಪಲ್ಪ್ ಯೂನಿಟ್‌ನಲ್ಲೇ ನೀವೂ ಇದ್ರಲ್ಲಮ್ಮಾ, ಓದಿ ನೋಡಿ. ಹುಡುಗಿ ಚುರುಕಾಗಿದ್ದಾಳೆ."

ಒಳ್ಳೆಯ ಇಂಗ್ಲಿಷಿನಲ್ಲಿ ಒಂದೇ ಪುಟ. ಮೊದಲ ಪ್ಯಾರಾದಲ್ಲಿ ಯಾವ ಹುದ್ದೆಗೆ ಅರ್ಜಿ ಎಂಬುದು, ಎರಡನೆಯದರಲ್ಲಿ ಓದು, ಪ್ರಾಜೆಕ್ಟು. ಮೂರನೆಯದರಲ್ಲಿ ಹೀಗಿತ್ತು: "ತರಬೇತಿಯ ವೇಳೆ ಹಿರಿಯ ಕೆಮಿಸ್ಟ್ ಒಬ್ಬರು ಹುಳಿ ಅಳೆಯುವ ಪಿಹೆಚ್ ಮೀಟರನ್ನು ಬೆಳಿಗ್ಗೆ ಸರಿಹೊಂದಿಸದೆಯೇ ಸರಿಹೊಂದಿಸಿದ್ದಾಗಿ ರಿಜಿಸ್ಟರಿನಲ್ಲಿ ಸಹಿ ಹಾಕಿದ್ದನ್ನು ನಾನು ಪತ್ತೆ ಹಚ್ಚಿದೆ, ಅಂದಿನ ಮಾಲನ್ನು ತಡೆಹಿಡಿಸಿದೆ."

ಆ ಕೆಮಿಸ್ಟ್ ನಾನೇ.

ಅದು ತೋತಾಪುರಿ ಮಾವಿನ ಸೀಸನ್ನು, ಗೇಟಿನಿಂದ ರಸ್ತೆಯವರೆಗೂ ಟ್ರ್ಯಾಕ್ಟರುಗಳ ಸಾಲು. ಪಿಹೆಚ್ ನಾಲ್ಕು ಮತ್ತು ಏಳರ ದ್ರಾವಣಗಳಲ್ಲಿ ಮೀಟರನ್ನು ಅದ್ದಿ ಸರಿಹೊಂದಿಸಿದ ಮೇಲೆಯೇ ಪಲ್ಪ್ ಪರೀಕ್ಷಿಸಬೇಕು. ಆ ದಿನ ನಾನು ಅದನ್ನು ಬಿಟ್ಟೆ, ಸಹಿ ಮಾತ್ರ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಮನಸ್ಸು ತಡೆಯಲಿಲ್ಲ. ಅದ್ದಿ ನೋಡಿದರೆ ನಾಲ್ಕು ತೋರಿಸಬೇಕಾದ ಕಡೆ ಮೂರೂ ಮುಕ್ಕಾಲು ತೋರಿಸುತ್ತಿತ್ತು. ಅಂಕಿ ಇಳಿದಷ್ಟೂ ಹುಳಿ ಹೆಚ್ಚೆಂದು ಲೆಕ್ಕ. ಹುಳಿ ಇರುವುದಕ್ಕಿಂತ ಹೆಚ್ಚು ಕಾಣಿಸಿದರೆ ಅಪಾಯ. ಹುಳಿ ಸಾಲದೆ ಕೆಡಬಹುದಾದ ಪಲ್ಪ್ ಡಬ್ಬಿಯೂ ಪರೀಕ್ಷೆ ದಾಟಿಹೋಗಬಹುದು. ಬೆಳಗಿನ ಡಬ್ಬಿಗಳಿಗೆಲ್ಲ ನಾನೇ ತಡೆಚೀಟಿ ಅಂಟಿಸಿದೆ. ಮರುಪರೀಕ್ಷೆಯಲ್ಲಿ ಎಲ್ಲವೂ ಮಿತಿಯೊಳಗೇ ಬಂದವು, ಪುಣ್ಯ. ಮೇಲಿನವರಿಗೆ ಮೀಟರು ಕೆಟ್ಟಿತ್ತು ಎಂದಷ್ಟೇ ಹೇಳಿದೆ. ಸುಳ್ಳು ಸಹಿಯ ವಿಷಯ ಹೇಳಿದ್ದು ಒಬ್ಬಳಿಗೇ. ಗಾಜಿನ ಲೋಟ ತೊಳೆಯುತ್ತಾ ನಿಂತಿದ್ದ ಅವಳಿಗೆ. "ಮಾಡದೇ ಇದ್ದಿದ್ದನ್ನ ಮಾಡ್ದೆ ಅಂತ ಯಾವತ್ತೂ ಬರೀಬೇಡ. ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ" ಎಂದಿದ್ದೆ. ತಲೆಯಾಡಿಸಿದ್ದಳು.

ಉಂಡ ಮನೆಯ ಜಂತೆ ಎಣಿಸುವವರನ್ನು ನೋಡಿದ್ದೆ. ಇವಳು ಜಂತೆಯನ್ನೇ ಕಿತ್ತು ಹೆಗಲ ಮೇಲಿಟ್ಟುಕೊಂಡು ಬಂದಿದ್ದಳು! ಎರಡು ದಿನ ಕಂಡಕಂಡವರ ಮೇಲೆಲ್ಲ ರೇಗಿದೆ. ಸುಮ್ಮನಿದ್ದರೆ ಅವಳಿಗೆ ಕೆಲಸ ಸಿಗುತ್ತಿತ್ತು, ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಮುಂದೆ ಅವಳು ಬರೆಯುವ ರಿಜಿಸ್ಟರನ್ನು ನಂಬಿ ಮಾಲು ಬಿಡಬೇಕಾದವಳು ನಾನೇ.

ಸಂದರ್ಶನಕ್ಕೆ ನಾನೂ ಕೂತೆ. ಅವಳು ಒಳಗೆ ಬಂದು, ನಾನು ಅಲ್ಲಿರುತ್ತೇನೆಂದು ಎಣಿಸಿರಲಿಲ್ಲವೇನೋ, ನನ್ನನ್ನು ಕಂಡು ಒಂದು ಗಳಿಗೆ ನಿಂತಳು. "ನಮಸ್ತೆ ಮೇಡಂ" ಎಂದಳು. ಅಕ್ಕ ಅನ್ನಲಿಲ್ಲ.

"ಸುಳ್ಳು ಸಹಿ ಹಾಕಿದ್ರು ಅಂತ ಬರ್ದಿದ್ದೀಯಲ್ಲಮ್ಮಾ, ಯಾರು ಆ ಕೆಮಿಸ್ಟು?" ಮ್ಯಾನೇಜರು ಕೇಳಿದರು.

ಅವಳು ಮೇಜನ್ನೇ ನೋಡುತ್ತಾ, "ಯಾರೋ ಕಾಂಟ್ರ್ಯಾಕ್ಟ್‌ನವ್ರು ಸಾರ್. ಅಷ್ಟು ನೆನಪಿಲ್ಲ" ಎಂದಳು.

"ನಾನೇ ಸಾರ್" ಎಂದೆ. "ಸಹಿ ಹಾಕಿದ್ದೂ ನಾನೇ, ಕಂಡುಹಿಡಿದು ಮಾಲು ತಡೆದಿದ್ದೂ ನಾನೇ. ಈ ಹುಡುಗಿ ಅಲ್ಲಿದ್ದಳು, ಅಷ್ಟೇ."

ಮ್ಯಾನೇಜರು ಪತ್ರವನ್ನು ಮಡಚಿಟ್ಟರು. ಅವಳಿಗೆ ಕೆಲಸ ಸಿಗಲಿಲ್ಲ. ಮಾರನೆಯ ದಿನದಿಂದ ಮೀಟರಿನ ರಿಜಿಸ್ಟರಿನಲ್ಲಿ ನನ್ನ ಸಹಿಯ ಪಕ್ಕ ಇನ್ನೊಬ್ಬರ ಸಹಿಯೂ ಬೇಕಾಯಿತು. ಬೇಕಾದದ್ದೇ.

ಅವಳು ಹೊರಟಾಗ ನಾನು ಗೇಟಿನವರೆಗೂ ಹೋದೆ. ಬೈಯಬೇಕೆಂದೇ ಹೋಗಿದ್ದೆ. ಆಟೋಗೆ ಕಾಯುತ್ತಿದ್ದವಳು ಕಣ್ಣೊರೆಸಿಕೊಂಡು ತಿರುಗಿದಳು.

"ನೀವೂ ತಾನೇ ಅಕ್ಕ, ಮಾಡ್ದೇ ಇದ್ದಿದ್ದಕ್ಕೆ ಸಹಿ ಹಾಕಿದ್ದು? ನಾನು ಅರ್ಜಿಗೆ ಹಾಕಿದ್ರೆ ಮಾತ್ರ ತಪ್ಪಾ?"

"ಹೌದು ಕಣೇ, ಹಾಕಿದ್ದೆ" ಎಂದೆ. "ಅದನ್ನ ನಿನ್ನೊಬ್ಬಳಿಗೇ ಹೇಳಿದ್ದೆ."